ಹತ್ತು ದಿನದ ಟ್ರೇಡ್, ಐವತ್ತು ಷೇರು, gap=10

ಬ್ಯಾಕ್‌ಟೆಸ್ಟ್ ವಿಪರೀತ ಚೆನ್ನಾಗಿ ಬಂದರೆ ನಾನು ಮೊದಲು ಮಾಡೆಲ್ ನೋಡುವುದಿಲ್ಲ, ಡೇಟಾ ಎಲ್ಲಿ ಕತ್ತರಿಸಿದ್ದಾರೆ ಅಂತ ನೋಡುತ್ತೇನೆ. ಎಚ್‌ಎಸ್‌ಆರ್ ಲೇಔಟ್‌ನ ನಮ್ಮ ಆಫೀಸಿಗೆ ಹೊಸದಾಗಿ ಸೇರಿದ ಹುಡುಗನೊಬ್ಬ ಅಂಥದ್ದೇ ಒಂದು ತಂದ. ನಿಫ್ಟಿಯ 50 ಷೇರು. ಇವತ್ತಿನ ಕ್ಲೋಸ್‌ಗೆ ಕೊಂಡು 10 ಟ್ರೇಡಿಂಗ್ ದಿನ ಇಟ್ಟು ಮಾರಿದರೆ ಲಾಭವೋ ನಷ್ಟವೋ, ಮಾಡೆಲ್ ಹೇಳಬೇಕು.

ತೊಂದರೆ ಇರುವುದು ಆ 10 ದಿನದಲ್ಲೇ. ಸೋಮವಾರ ಕೊಂಡ ಷೇರಿಗೂ ಮಂಗಳವಾರ ಕೊಂಡ ಅದೇ ಷೇರಿಗೂ 9 ದಿನದ ಏರಿಳಿತ ಒಂದೇ. ಒಂದು ದಿನದ ಏರಿಳಿತಕ್ಕೂ ಇನ್ನೊಂದು ದಿನದ್ದಕ್ಕೂ ಸಂಬಂಧವೇ ಇಲ್ಲ ಅಂದುಕೊಂಡರೂ ಈ ಎರಡು ಫಲಿತಾಂಶಗಳ ಕೋರಿಲೇಶನ್ 0.9 ಆಸುಪಾಸು ಬರುತ್ತದೆ. ಸೋಮವಾರದ್ದು ಟ್ರೇನಿಂಗ್‌ಗೆ, ಮಂಗಳವಾರದ್ದು ಟೆಸ್ಟ್‌ಗೆ ಹೋದರೆ ಉತ್ತರ ಮೊದಲೇ ಸೋರಿಹೋಯಿತು, ಅಲ್ವಾ?

ಇದು ಅವನಿಗೂ ಗೊತ್ತಿತ್ತು. "ಸರ್, `TimeSeriesSplit`ನಲ್ಲಿ `gap=10` ಕೊಟ್ಟಿದ್ದೀನಿ" ಅಂದ. ಆದರೆ ಟ್ರೇನಿಂಗ್‌ಗೂ ಟೆಸ್ಟ್‌ಗೂ ನಡುವೆ ಬಿಡುವ ಆ `gap` ಎಣಿಸುವುದು ಸಾಲುಗಳನ್ನು, ದಿನಗಳನ್ನಲ್ಲ. ದಿನಕ್ಕೆ 50 ಸಾಲು ಇರುವ ಟೇಬಲ್‌ನಲ್ಲಿ 10 ಸಾಲು ಬಿಟ್ಟರೆ ಒಂದು ದಿನವೂ ಆಗಲಿಲ್ಲ.

ಟೆಸ್ಟ್ ಅಂಕವನ್ನು ದಿನದ ಲೆಕ್ಕದಲ್ಲಿ ಬಿಡಿಸಿ ಪ್ಲಾಟ್ ಮಾಡಿ ಅಂದೆ. ಪ್ರತಿ ಫೋಲ್ಡ್‌ನಲ್ಲೂ ಮೊದಲ ಹತ್ತು ದಿನ ಮಾತ್ರ ಅಂಕ ಮೇಲಿತ್ತು, ಆಮೇಲೆ ಇಳಿದುಬಿಟ್ಟಿತ್ತು. ಮಾಡೆಲ್ ಹಳತಾಗಿ ಅಂಕ ಇಳಿಯುವುದಾದರೆ ನಿಧಾನವಾಗಿ ಇಳಿಯಬೇಕು. ಸರಿಯಾಗಿ ಹೋಲ್ಡಿಂಗ್ ಮುಗಿಯುವ ಹೊತ್ತಿಗೇ ಬಿದ್ದರೆ ಅದು ಸೋರಿಕೆ.

`gap=500` ಹಾಕಿದರೂ ಈ ಟೇಬಲ್‌ಗೆ ನಡೆಯುತ್ತಿತ್ತು. ಆದರೆ ನಾಳೆ ಷೇರುಗಳು ಜಾಸ್ತಿಯಾದರೆ ಮತ್ತೆ ಅದೇ ಕಥೆ. ಅದಕ್ಕೇ ಪ್ರತಿ ಸಾಲಿಗೂ ಕೊಂಡ ದಿನ `t0`, ಮಾರಿದ ದಿನ `t1` ಇಟ್ಟು, ದಿನಾಂಕ ನೋಡಿ ಪರ್ಜ್ ಮಾಡಿಸಿದೆ, ಅಂದರೆ ಟೆಸ್ಟ್‌ನ ಅವಧಿಯನ್ನು ಮುಟ್ಟುವ ಟ್ರೇನಿಂಗ್ ಸಾಲುಗಳನ್ನು ತೆಗೆಸಿದೆ:

```python
keep = (train.t1 < test.t0.min()) | (train.t0 > test.t1.max())
train = train[keep]
```

ಡೇಟಾ ಕಡಿಮೆ ಇದ್ದದ್ದರಿಂದ ಟೆಸ್ಟ್‌ನ ನಂತರದ ದಿನಗಳಿಂದಲೂ ಕಲಿಸುವ ಕೆ-ಫೋಲ್ಡ್‌ಗೆ ಹೋದೆವು. ಟೆಸ್ಟ್ 401ರಿಂದ 500ನೇ ದಿನ ಅಂದುಕೊಳ್ಳಿ. 391ರಂದು ಕೊಂಡದ್ದು 401ಕ್ಕೆ ಮಾರಾಟ, ಹಾಗಾಗಿ 391ರಿಂದ 400 ಹೋಯಿತು. ಟೆಸ್ಟ್‌ನ ಕೊನೆಯ ಟ್ರೇಡ್ ಮುಗಿಯುವುದು 510ಕ್ಕೆ, ಹಾಗಾಗಿ 501ರಿಂದ 510 ಕೂಡ ಹೋಯಿತು. ಈ ಎರಡನೇ ಕಡೆಯನ್ನು ಮರೆಯುವವರೇ ಜಾಸ್ತಿ. ನಮ್ಮ ಫೀಚರ್‌ಗಳಲ್ಲಿ 20 ದಿನದ ಸರಾಸರಿ ಇತ್ತು. 511ನೇ ದಿನದ ಸರಾಸರಿ ಟೆಸ್ಟ್ ದಿನಗಳನ್ನೂ ಒಳಗೊಳ್ಳುತ್ತದೆ. ಅದಕ್ಕೆ ಆ ಕಡೆ ಇನ್ನೂ 20 ದಿನವನ್ನು ಟ್ರೇನಿಂಗ್‌ಗೆ ಬಳಸದೆ ಬಿಟ್ಟೆವು, ಇದಕ್ಕೆ ಎಂಬಾರ್ಗೊ ಅಂತಾರೆ. ಟೆಸ್ಟ್‌ಗೆ ಮೊದಲಿನ ಕಡೆ ಅದು ಬೇಡ. ಹಿಂದಿನ ಬೆಲೆ ಲೈವ್‌ನಲ್ಲೂ ನಮ್ಮ ಕೈಯಲ್ಲಿ ಇದ್ದೇ ಇರುತ್ತದೆ.

ಸ್ಟಾಪ್‌ಲಾಸ್ ಇದ್ದರೆ `t1` ಬೇಗ ಬರುತ್ತದೆ, ನಿಜವಾಗಿ ಹೊರಬಂದ ದಿನವನ್ನೇ ಹಾಕಿದರೆ ಸಾಕು. ಹೋಲ್ಡಿಂಗ್ 60 ದಿನವಾದರೆ ಮಾತ್ರ ಕಷ್ಟ, ಪ್ರತಿ ಫೋಲ್ಡ್‌ನಲ್ಲೂ ಟ್ರೇನಿಂಗ್ ಡೇಟಾ ತುಂಬಾ ಪರ್ಜ್‌ಗೇ ಹೋಗುತ್ತದೆ. ಇನ್ನು ಟ್ರೇನಿಂಗ್ ಒಳಗಿನ ಸಾಲುಗಳು ಪರ್ಜ್ ಆದ ಮೇಲೂ ಒಂದರ ಮೇಲೊಂದು ಕೂತೇ ಇರುತ್ತವೆ. ಅವಕ್ಕೆ ವೇಟ್ ಕಡಿಮೆ ಮಾಡುವ ಕೆಲಸ ಈಗ ಆ ಹುಡುಗನ ಕೈಯಲ್ಲೇ ಇದೆ.