ಬನಶಂಕರಿ ಜಾತ್ರೆಗೆ ಹೋಗುವವರೇ, ಮಣಿಯ ತೂತು ನೋಡಿ

ಪುಷ್ಯ ಹುಣ್ಣಿಮೆಯ ಬನಶಂಕರಿ ಜಾತ್ರೆಗೆ ಈ ಸಲ ಸೋದರಮಾವನ ಜೊತೆ ಹೋಗಿದ್ದೆ. ಅವರಿಗೆ ನಾಟಕ ಕಂಪನಿಗಳ ಹುಚ್ಚು, ನನಗೆ ಕಲ್ಲಿನ ಮಣಿಗಳ ಹುಚ್ಚು. ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದರೆ ಬಾದಾಮಿ ನಿಲ್ದಾಣ ಊರಿನಿಂದ ಸುಮಾರು ಐದು ಕಿಲೋಮೀಟರ್ ದೂರ. ಜಾತ್ರೆಯ ದಿನಗಳಲ್ಲಿ ಆಟೋದವರು ಕೇಳಿದ್ದೇ ರೇಟು. ಊರಿನ ಪುರಾತತ್ವ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ, ಅದನ್ನೂ ಲೆಕ್ಕಕ್ಕೆ ಇಟ್ಟುಕೊಂಡು ಹೊರಡಿ.

ಜಾತ್ರೆಯಲ್ಲಿ ಬಳೆ, ಪಾತ್ರೆಗಳ ಸಾಲಿನ ನಡುವೆ ಮಣಿಸರ ಮಾರುವವರೂ ಕೂತಿರುತ್ತಾರೆ. ಒಬ್ಬ ಕೆಂಪು ಅಕೀಕು ಕಲ್ಲಿನ ಸರವೊಂದನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕಕ್ಕೆ ಇಟ್ಟಿದ್ದ. ನಾವು ಬಗ್ಗಿ ನೋಡುವುದನ್ನು ಕಂಡು ಬಿಚ್ಚಿದ. "ಐಹೊಳಿ ಕಡೆ ಹೊಲಾ ಉಳುವಾಗ ಸಿಕ್ಕಾವ್ರೀ, ಚಾಲುಕ್ಯರ ಕಾಲದ್ದು. ಮಣ್ಣ ನೋಡ್ರಿ ಇನ್ನಾ ಹೋಗಿಲ್ಲ." ನಿಜಕ್ಕೂ ತೂತುಗಳಲ್ಲಿ ಮಣ್ಣು ಮೆತ್ತಿಕೊಂಡಿತ್ತು. ಮಾವ ಆಗಲೇ ಜೇಬಿಗೆ ಕೈ ಹಾಕಿದ್ದರು.

ನನ್ನ ಚೀಲದಲ್ಲಿ ಮೂರು ಸಾಮಾನು ಇದ್ದವು: ಚಿನಿವಾರರು ಕಣ್ಣಿಗೆ ಹಚ್ಚಿಕೊಳ್ಳುವ ಹತ್ತು ಪಟ್ಟಿನ ಭೂತಗನ್ನಡಿ, ಬೆರಳುದ್ದದ ಟಾರ್ಚು, ನೀರಿನ ಬಾಟಲಿ. ನೀವೂ ಇಷ್ಟೇ ಒಯ್ಯಿರಿ. ಮೊದಲು ಮಣಿಯನ್ನು ನೀರಲ್ಲಿ ಅದ್ದಿ ಹಿಂದಿನಿಂದ ಬೆಳಕು ಬಿಡಬೇಕು. ಕೆಂಪು ಅಕೀಕು ಅರೆಪಾರದರ್ಶಕ, ಒದ್ದೆಯಾದರೆ ಹೊರಮೈಯ ಗೀರು ಮಾಯವಾಗಿ ಒಳಗಿನ ತೂತು ಕೊಳವೆಯ ಹಾಗೆ ಕಾಣುತ್ತದೆ. ಮಣಿಯ ಕಥೆಯೆಲ್ಲ ಆ ಕೊಳವೆಯಲ್ಲೇ ಇರುತ್ತದೆ.

ಅಕೀಕು ಕಬ್ಬಿಣಕ್ಕಿಂತ ಗಟ್ಟಿ, ಬರೀ ಕಬ್ಬಿಣದ ಬೈರಿಗೆಗೆ ಬಗ್ಗುವುದಿಲ್ಲ. ಹಾಗಾಗಿ ಕ್ರಿಸ್ತಪೂರ್ವದ ಕೊನೆಯ ಕೆಲವು ಶತಮಾನಗಳಿಂದಲೇ ಗುಜರಾತಿನ ಕುಶಲಕರ್ಮಿಗಳು ಲೋಹದ ಕಡ್ಡಿಯ ತುದಿಗೆ ವಜ್ರದ ಎರಡು ಚೂರು ಕೂಡಿಸಿ, ಬಿಲ್ಲಿನ ದಾರದಿಂದ ಅದನ್ನು ತಿರುಗಿಸಿ, ತೊಟ್ಟು ತೊಟ್ಟು ನೀರು ಬಿಡುತ್ತಾ ಕೊರೆದರು. ಕೊರೆಯುವ ಮುನ್ನ ಬೈರಿಗೆ ಜಾರದಂತೆ ಕಲ್ಲಿನ ತುದಿಯಲ್ಲಿ ಒಂದು ಸಣ್ಣ ತಗ್ಗು ಮಾಡುತ್ತಿದ್ದರು. ಒಂದು ಕಡೆಯಿಂದ ಅರ್ಧ ಕೊರೆದು, ಮಣಿ ತಿರುಗಿಸಿ, ಇನ್ನೊಂದು ಕಡೆಯಿಂದ ಬಂದು ಕೂಡಿಸುವುದು ಕ್ರಮ. ಕೈಯ ಕೆಲಸವಾದ್ದರಿಂದ ಎರಡು ಕೊರೆತಗಳು ನಡುವೆ ಸರಿಯಾಗಿ ಕೂಡುವುದು ಅಪರೂಪ. ಒಂದು ಸ್ವಲ್ಪ ಮೇಲೆ, ಇನ್ನೊಂದು ಕೆಳಗೆ ಬಂದು ಮೆಟ್ಟಿಲಿನ ಹಾಗೆ ಕಾಣುತ್ತದೆ, ಕೆಲವೊಮ್ಮೆ ಸಣ್ಣ ಕೋನವೇ ಆಗಿರುತ್ತದೆ. ಗೋಡೆಯಲ್ಲಿ ವಜ್ರದ ಚೂರುಗಳು ಉಜ್ಜಿದ ಸುತ್ತುಗೆರೆಗಳು ಒಂದರ ಪಕ್ಕ ಒಂದು ಇರುತ್ತವೆ. ಅವು ಬಹಳ ಸೂಕ್ಷ್ಮ. ಭೂತಗನ್ನಡಿಗೆ ಬಾಯಿಯ ಹತ್ತಿರದ್ದಷ್ಟೇ ಕಂಡೀತು, ಒಳಗಿನದಕ್ಕೆ ಸೂಕ್ಷ್ಮದರ್ಶಕವೇ ಬೇಕು.

ಈಗಿನ ಅಲ್ಟ್ರಾಸೋನಿಕ್ ಯಂತ್ರ ಹೀಗೆ ತಿರುಗುವುದೇ ಇಲ್ಲ. ಅದರ ಸೂಜಿ ಕಂಪಿಸುತ್ತಾ, ಉಜ್ಜುಪುಡಿಯ ಕೆಸರಿನಿಂದ ಕಲ್ಲನ್ನು ಕುಟ್ಟಿ ಕುಟ್ಟಿ ತೂತು ಮಾಡುತ್ತದೆ. ಸುತ್ತುಗೆರೆ ಇರದೆ, ಗೋಡೆ ಮಬ್ಬು ಗಾಜಿನಂತೆ ಒಂದೇ ಸಮ ಬಿಳಿಚಿಕೊಂಡಿರುತ್ತದೆ, ಕೊನೆಗೆ ಹೋದಂತೆ ತೂತು ತುಸು ಕಿರಿದಾಗುತ್ತದೆ.

ಆತನ ಸರದಿಂದ ಹತ್ತು ಮಣಿ ನೋಡಿದೆ. ಹತ್ತರಲ್ಲೂ ಅದೇ ನೇರ ಕೊಳವೆ, ಅದೇ ಮಬ್ಬು ಗೋಡೆ, ನಡುವೆ ಎಲ್ಲೂ ಮೆಟ್ಟಿಲಿಲ್ಲ. ತೂತಿನ ಬಾಯಿಯ ಅಂಚು ಉಗುರಿಗೆ ತಾಗುವಷ್ಟು ಚೂಪು. ಮಣ್ಣು ಬಾಟಲಿಯ ನೀರಿನಲ್ಲಿ ಕರಗದೆ ಪದರಾಗಿ ಎದ್ದು ಬಂತು, ಅಂಟು ಬೆರೆಸಿದ್ದರು. ಹೊರಮೈ ಹಳೆಯದರಂತೆ ಮಬ್ಬಾಗಿತ್ತು ನಿಜ. ಆದರೆ ಉಬ್ಬಿದ ಕಡೆ ಎಷ್ಟು ಮಬ್ಬೋ ತಗ್ಗಿನಲ್ಲೂ ಅಷ್ಟೇ. ಕೊರಳಲ್ಲಿ ಉಜ್ಜಿ ಸವೆದ ಮಣಿ ಹಾಗಾಗುವುದಿಲ್ಲ, ಸವಕಳಿ ಎತ್ತರದ ಜಾಗಕ್ಕೇ ಮೊದಲು. ಎಲ್ಲ ಕಡೆ ಸಮನಾದ ಮಬ್ಬು ಬಂತೆಂದರೆ ಆಮ್ಲದಲ್ಲಿ ಅದ್ದಿದ್ದಾರೆ ಇಲ್ಲವೇ ಮರಳಿನ ಜೊತೆ ಪೀಪಾಯಿಯಲ್ಲಿ ಉರುಳಿಸಿದ್ದಾರೆ ಎಂದು ಅನುಮಾನಿಸಬೇಕು.

ಮಾವನಿಗೆ ನನ್ನ ಮೇಲೆ ಸಿಟ್ಟು. "ಹಳೇ ಮಣಿ ಅಂದ್ರ ಹೆಂಗಿರತೈತಿ ಅದನ್ನರ ತೋರಸು" ಅಂದರು. ಅದು ಸಿಕ್ಕಿದ್ದು ಊಟಕ್ಕೆ ಕೂತಾಗ. ಗುಡಿಯ ಹತ್ತಿರ ರೊಟ್ಟಿ, ಮೊಸರು ಬುಟ್ಟಿಯಲ್ಲಿಟ್ಟು ಮಾರುವ ಅಜ್ಜಿಯ ಕೊರಳಲ್ಲಿ ಕರಿದಾರಕ್ಕೆ ಒಂದೇ ಉದ್ದ ಕೆಂಪು ಮಣಿ ತೂಗುತ್ತಿತ್ತು. "ನಮ್ಮತ್ತಿ ಕೊಟ್ಟದ್ದವ್ವ, ದೃಷ್ಟಿ ಆಗಬಾರದಂತ" ಎಂದರು ಅಜ್ಜಿ. ನೋಡಿ ಕೊಡುತ್ತೇನೆಂದು ಕೇಳಿಕೊಂಡ ಮೇಲೆ ದಾರ ಬಿಚ್ಚದೆಯೇ ಹತ್ತಿರ ಬಂದರು.

ಬೆರಳಗಿಣ್ಣಿನಷ್ಟು ಉದ್ದದ, ನಡು ಉಬ್ಬಿದ ಮಣಿ. ಒದ್ದೆ ಬೆರಳಿನಿಂದ ಒರೆಸಿ ಟಾರ್ಚು ಬಿಟ್ಟರೆ ನಡುವಿಗಿಂತ ತುಸು ಆಚೆ ಎರಡು ಕೊರೆತಗಳ ಮೆಟ್ಟಿಲು ಸ್ಪಷ್ಟವಾಗಿ ಕಂಡಿತು. ಇನ್ನೂ ಚೆಂದ ಕಂಡದ್ದು ಬಾಯಿ. ಎರಡೂ ತುದಿಗಳಲ್ಲಿ ಅಂಚು ಉರುಟಾಗಿ, ಒಳಕ್ಕೆ ಸಾಗಿದ ಹೊಳಪು. ದಾರ ಮೇಲಕ್ಕೆ ಎಳೆಯುವ ಬದಿಯಲ್ಲಿ ಮಾತ್ರ ಸಣ್ಣ ಕಾಲುವೆಯಂತೆ ತಗ್ಗು, ಎದುರು ಬದಿಯಲ್ಲಿ ಅದಿಲ್ಲ. ಒಂಟಿಯಾಗಿ ತೂಗಿದ ಮಣಿ ಹೀಗೆ ಒಂದೇ ಕಡೆ ಸವೆಯುತ್ತದೆ. ಸರದಲ್ಲಿ ಪೋಣಿಸಿದ್ದರೆ ಪಕ್ಕದ ಮಣಿ ತಾಗಿ ತುದಿಗಳು ಚಪ್ಪಟೆಯಾಗಬೇಕಿತ್ತು. ಮೈಮೇಲೆ ಉಗುರಿನ ಚಂದ್ರಾಕಾರದ ಪುಟ್ಟ ಪುಟ್ಟ ಪೆಟ್ಟಿನ ಗುರುತುಗಳು ಚದುರಿದ್ದವು, ಅವುಗಳ ಅಂಚು ಕೂಡ ಸವೆದು ನುಣುಪಾಗಿತ್ತು. ಹೊಸ ಪೆಟ್ಟಾದರೆ ಅಂಚು ಚೂಪಾಗಿ ಬೆಳ್ಳಗೆ ಕಾಣುತ್ತದೆ.

"ಹಂಗಾರ ಇದು ಎಷ್ಟು ವರ್ಷದ್ದು?" ಎಂದರು ಮಾವ. ಇಲ್ಲಿಯೇ ಹೆಚ್ಚಿನವರು ಮೋಸ ಹೋಗುವುದು. ವಜ್ರದ ಚೂರಿನ ಬೈರಿಗೆಯನ್ನು ಗುಜರಾತಿನ ಖಂಭಾತಿನಲ್ಲಿ ನಮ್ಮ ಕಾಲದವರೆಗೂ ಬಳಸಿದ್ದಾರೆ. ಆ ಮಣಿಯ ತೂತಿನಿಂದ ಅದು ಕೈಯಲ್ಲಿ ಕೊರೆದದ್ದು ಎಂದಷ್ಟೇ ಹೇಳಬಹುದು, ಸವಕಳಿಯಿಂದ ಬಹುಕಾಲ ಧರಿಸಿದ್ದು ಎಂದಷ್ಟೇ. ನೂರು ವರ್ಷವೋ ಸಾವಿರವೋ, ಅದು ಉತ್ಖನನದಲ್ಲಿ ಯಾವ ಪದರದಲ್ಲಿ, ಯಾವುದರ ಜೊತೆ ಸಿಕ್ಕಿತು ಎನ್ನುವುದರಿಂದಲೇ ತಿಳಿಯಬೇಕು. ಬೆಳಗಾವಿಯ ವಡಗಾಂವ ಮಾಧವಪುರದ ಹಾಗೆ ಶಾತವಾಹನರ ಕಾಲದ ನೆಲ ಅಗೆದ ಕಡೆ ಒಂದು ಮಣಿ ಸಿಕ್ಕರೆ ಅದಕ್ಕೊಂದು ಕಾಲ ಇರುತ್ತದೆ. ಅಜ್ಜಿಯ ಕೊರಳಿನದಕ್ಕೆ ಅತ್ತೆಯವರೆಗೆ ಮಾತ್ರ ಲೆಕ್ಕ.

ಐಹೊಳೆ, ಪಟ್ಟದಕಲ್ಲಿನ ಸುತ್ತ ಹೊಲದಲ್ಲಿ ಮಣಿ ಕಂಡರೆ ಎತ್ತಿಕೊಳ್ಳಬೇಡಿ. ಎತ್ತಿದ ಕ್ಷಣಕ್ಕೆ ಅದು ಎಲ್ಲಿತ್ತು ಎಂಬ ಮಾಹಿತಿ ಹೋಯಿತು. ಜಾಗದ ಫೋಟೋ ತೆಗೆದು ತಹಶೀಲ್ದಾರರ ಕಚೇರಿಗೆ ತಿಳಿಸಿ. ನೂರು ವರ್ಷ ದಾಟಿದ ಇಂಥ ವಸ್ತು ಪ್ರಾಚ್ಯವಸ್ತು, 1972ರ ಕಾನೂನಿನ ಪ್ರಕಾರ ಪರವಾನಗಿ ಇಲ್ಲದೆ ಅದರ ವ್ಯಾಪಾರ ಮಾಡುವಂತಿಲ್ಲ. ಆ ಮಾರಾಟಗಾರನ ಮಾತು ಸತ್ಯವಾಗಿದ್ದರೂ ನಾವು ಕೊಳ್ಳುವಂತಿರಲಿಲ್ಲ, ಸುಳ್ಳಾಗಿದ್ದರಿಂದ ಕೊಳ್ಳಲಿಲ್ಲ.

ಸಂಜೆ ಮಾವ ನಾಟಕದ ಟಿಕೆಟ್ ತಂದರು. ನಡುವೆ ಎದ್ದು ಹೋಗಿ ಅದೇ ಅಂಗಡಿಯಿಂದ ಮೊಮ್ಮಗಳಿಗೆ ಒಂದು ಸರ ಕೊಂಡು ಬಂದರು, "ಹೊಸದು" ಅಂತ ಹೇಳಿಸಿಕೊಂಡು, ಅರ್ಧ ರೇಟಿಗೆ.