ಹಿಂದೆ ಕೂತವರ ಹೆಲ್ಮೆಟ್: ಸಿಗ್ನಲ್‌ನಲ್ಲಿ ನಿಂತು ನಾವು ಕಂಡಿದ್ದು

ನಾವು ಬೆಂಗಳೂರಿನ ಸಿಗ್ನಲ್‌ಗಳಲ್ಲಿ ಟ್ರಾಫಿಕ್ ಪೊಲೀಸರ ಜೊತೆ ನಿಲ್ಲುವ ಸ್ವಯಂಸೇವಕರು. ದಂಡ ಹಾಕುವ ಅಧಿಕಾರ ನಮಗಿಲ್ಲ, ಹಾಗಾಗಿ ನಮ್ಮನ್ನು ಕಂಡು ಯಾರೂ ಗಾಡಿ ತಿರುಗಿಸಬೇಕಾಗಿಲ್ಲ. ಹಿಂದೆ ಕೂತವರಿಗೂ ಹೆಲ್ಮೆಟ್ ಕಡ್ಡಾಯ ಅನ್ನುವುದು ರಾಜ್ಯದಲ್ಲಿ ಜಾರಿಗೆ ಬಂದದ್ದು 2016ರ ಜನವರಿಯಲ್ಲಿ. ಈಗ ಹೆಲ್ಮೆಟ್ಟೇ ಇಲ್ಲದವರಿಗಿಂತ ನಮಗೆ ಜಾಸ್ತಿ ತಲೆನೋವು ಅಂದರೆ, ದಂಡ ತಪ್ಪಿದರೆ ಸಾಕು ಅಂತ ತಲೆ ಮೇಲೆ ಏನೋ ಒಂದು ಇಟ್ಟುಕೊಂಡು ಕೂತವರು. ಗಾಡಿ ಓಡಿಸುವ ಯಜಮಾನರಿಗೆ ಮುಖ ಮುಚ್ಚುವ ಒಳ್ಳೆ ಹೆಲ್ಮೆಟ್, ಹಿಂದೆ ಕೂತ ಹೆಂಡತಿಗೆ ಫುಟ್‌ಪಾತ್ ಮೇಲೆ ಸಿಗುವ ಟೋಪಿ. ಯಾಕ್ ಸರ್ ಹೀಗೆ?

"ಇಲ್ಲೇ ಹತ್ತಿರ, ನಿಧಾನಕ್ಕೇ ಹೋಗ್ತೀವಿ" ಅನ್ನುವುದು ಮಾಮೂಲಿ ಉತ್ತರ. ಆದರೆ ಸೀಟಿನ ಮೇಲೆ ಕೂತವರ ತಲೆ ನೆಲದಿಂದ ಸುಮಾರು ಒಂದೂವರೆ ಮೀಟರ್ ಎತ್ತರದಲ್ಲಿರುತ್ತದೆ. ಅಷ್ಟು ಎತ್ತರದಿಂದ ಬೀಳುವ ತಲೆ ನೆಲ ಮುಟ್ಟುವ ಹೊತ್ತಿಗೆ ಗಂಟೆಗೆ ಹತ್ತಿರ ಹತ್ತಿರ 20 ಕಿ.ಮೀ. ವೇಗದಲ್ಲಿರುತ್ತದೆ, ಗಾಡಿ ನಿಂತೇ ಇದ್ದರೂ ಸರಿ. ಇನ್ನೊಂದು ವಿಷಯ. ಓಡಿಸುವವರ ಕೈಯಲ್ಲಿ ಹ್ಯಾಂಡಲ್ ಇರುತ್ತದೆ, ಮುಂದಿನ ಹಂಪು ಗುಂಡಿ ಎಲ್ಲ ಕಾಣುತ್ತದೆ. ಹಿಂದೆ ಕೂತವರಿಗೆ ಕಾಣುವುದು ಮುಂದಿನವರ ಬೆನ್ನು ಅಷ್ಟೇ. ಬಣ್ಣ ಬಳಿಯದ ಹಂಪು ಎಗರಿಸಿದಾಗ, ಇಲ್ಲಾ ಹಸಿರು ಬಿದ್ದ ಕೂಡಲೇ ಆಕ್ಸಿಲರೇಟರ್ ತಿರುವಿದಾಗ ಅವರ ಮೈ ಹಿಂದಕ್ಕೆ ವಾಲುತ್ತದೆ. ಸೀರೆ ಉಟ್ಟು ಒಂದೇ ಬದಿಗೆ ಕಾಲು ಇಳಿಬಿಟ್ಟು ಕೂತಿದ್ದರೆ, ಮಡಿಲಲ್ಲಿ ಬ್ಯಾಗು ಬೇರೆ ಇದ್ದರೆ, ಹಿಡಿದುಕೊಳ್ಳಲು ಉಳಿಯುವುದು ಒಂದು ಕೈ. ಹೀಗೆ ಬಿದ್ದವರಿಗೆ ಮೊದಲು ನೆಲಕ್ಕೆ ಬಡಿಯುವುದು ಹೆಚ್ಚಾಗಿ ಹಿಂದಲೆ.

ಆ ಟೋಪಿ ಮುಗಿಯುವುದು ಕಿವಿಯ ಮೇಲೆ. ಹಿಂದಲೆ ಪೂರ್ತಿ ಬಯಲು. ಒಳಗೆ ನೋಡಿದರೆ ತೆಳು ಸ್ಪಂಜು. ನಿಜವಾದ ಹೆಲ್ಮೆಟ್‌ನಲ್ಲಿ ಬಟ್ಟೆಯ ಹಿಂದೆ ದಪ್ಪನೆಯ ಗಟ್ಟಿ ಥರ್ಮಾಕೋಲ್ ಇರುತ್ತದೆ. ಏಟು ಬಿದ್ದಾಗ ಅದು ತಾನು ಪುಡಿಯಾಗಿ ಆ ಏಟನ್ನು ನುಂಗಿಕೊಳ್ಳುತ್ತದೆ, ಸ್ಪಂಜು ಸುಮ್ನೆ ಅದುಮಿಕೊಂಡು ಪೂರ್ತಿ ಏಟನ್ನು ತಲೆಗೇ ದಾಟಿಸುತ್ತದೆ. ಕೊಳ್ಳುವಾಗ ಒಳಬಟ್ಟೆ ಸರಿಸಿ ಇದನ್ನು ನೋಡಿ. ISI ಗುರುತು, ಜೊತೆಗೆ IS 4151 ಅನ್ನುವ ಸಂಖ್ಯೆ ಇರಬೇಕು. ಆದರೆ ಸ್ಟಿಕ್ಕರ್ ಯಾರು ಬೇಕಾದರೂ ಅಂಟಿಸಬಹುದು ಅಲ್ವಾ, ಅದಕ್ಕೇ ಒಳಗೂ ನೋಡಿ ಅಂದಿದ್ದು.

ಒಳ್ಳೆ ಹೆಲ್ಮೆಟ್ ಇದ್ದೂ ಕೆಲಸಕ್ಕೆ ಬಾರದ ಒಂದು ಉದಾಹರಣೆ ಹೇಳ್ತೀವಿ. ಜಯನಗರದ ಕಡೆ ಒಂದು ಸಿಗ್ನಲ್‌ನಲ್ಲಿ ಸ್ಕೂಟರ್ ಮೇಲೆ ಬಂದ ದಂಪತಿಯನ್ನು ಮಾತಾಡಿಸಿದೆವು. ಇಬ್ಬರದ್ದೂ ISI ಹೆಲ್ಮೆಟ್ಟೇ. ಆದರೆ ಆಕೆಯ ಹೆಲ್ಮೆಟ್ ಹುಬ್ಬಿನ ಮೇಲೆ ಜಾರಿ ಕೂತಿತ್ತು, ಎರಡು ಸಲ ಕೈಯಿಂದ ಮೇಲೆ ತಳ್ಳಿಕೊಂಡರು. "ಅಮ್ಮಾ, ಪಕ್ಕಕ್ಕೆ ಬನ್ನಿ, ಒಂದು ನಿಮಿಷ" ಅಂದೆವು. ಪಟ್ಟಿ ಬಿಗಿಸಿಯೇ ಇತ್ತು. ಹಿಂದಿನ ಅಂಚು ಹಿಡಿದು ಮುಂದಕ್ಕೆ ಎತ್ತಿ ನೋಡಿ ಅಂತ ಅವರ ಯಜಮಾನರಿಗೇ ಹೇಳಿದೆವು. ಮೆಲ್ಲಗೆ ಎತ್ತಿದ್ದೇ ತಡ, ಹೆಲ್ಮೆಟ್ ಮುಖದ ಮೇಲಿಂದ ಕೈಗೆ ಬಂತು. "ಅಯ್ಯೋ, ಪಟ್ಟಿ ಹಾಕಿತ್ತಲ್ರೀ!" ಅಂದರು ಆಕೆ.

ಕಾರಣ ಎರಡು. ಒಂದು, ಅದು ಮಗನ ಹಳೇ ಹೆಲ್ಮೆಟ್, 600 ಎಂಎಂ. ಟೇಪ್ ಹಿಡಿದು ಹುಬ್ಬಿನಿಂದ ಒಂದು ಬೆರಳು ಮೇಲೆ ತಲೆ ಸುತ್ತ ಅಳೆದರೆ ಆಕೆಗೆ ಬಂದದ್ದು 56 ಸೆಂಟಿಮೀಟರ್, ಅಂದರೆ 560. ಎರಡು, ತುರುಬು. ತಲೆಯ ಹಿಂದೆ ಎತ್ತರಕ್ಕೆ ಕಟ್ಟಿದ ತುರುಬು ಹೆಲ್ಮೆಟ್ಟನ್ನು ಮುಂದಕ್ಕೆ ತಳ್ಳುತ್ತದೆ, ಹಿಂದಲೆಗೂ ಹೆಲ್ಮೆಟ್‌ಗೂ ನಡುವೆ ಜಾಗ ಬಿಡುತ್ತದೆ. ಜಡೆ ಹೆಣೆದು ಕತ್ತಿನ ಹತ್ತಿರ ಇಳಿಬಿಟ್ಟರೆ ತೊಂದರೆ ಇಲ್ಲ. ಮದುವೆಮನೆಗೆ ಹೊರಟವರಿಗೆ ಇದು ಕಷ್ಟದ ಮಾತು, ಗೊತ್ತು. ತುರುಬು, ಹೂವು ಎಲ್ಲ ಅಲ್ಲಿಗೆ ಹೋದಮೇಲೆ ಮಾಡಿಕೊಳ್ಳಿ, ಇಲ್ಲದಿದ್ದರೆ ಆವತ್ತು ಆಟೋ ಹಿಡಿಯಿರಿ.

ಸರಿಯಾದ ಅಳತೆಯದ್ದು ಹಾಕಿಕೊಂಡಾಗ ಕೆನ್ನೆ ಸ್ವಲ್ಪ ಒತ್ತಿದ ಹಾಗಿರುತ್ತದೆ, ತಲೆ ಅಲ್ಲಾಡಿಸಿದರೆ ಹೆಲ್ಮೆಟ್ಟೂ ಜೊತೆಗೇ ತಿರುಗುತ್ತದೆ. ಗದ್ದದ ಕೆಳಗೆ ಪಟ್ಟಿಯಲ್ಲಿ ಎರಡು ಬೆರಳು ತೂರಿದರೆ ಸಾಕು, ಇಡೀ ಕೈ ತೂರಬಾರದು. ಪಟ್ಟಿ ಹಾಕದೆ ಇಟ್ಟುಕೊಂಡರೆ ಕಾನೂನಿನ ಲೆಕ್ಕದಲ್ಲೂ ಅದು ಹೆಲ್ಮೆಟ್ ಹಾಕಿದ ಹಾಗಲ್ಲ. ಮೋಟಾರು ವಾಹನ ಕಾಯ್ದೆಯ 129ನೇ ಸೆಕ್ಷನ್ನಿನಲ್ಲೇ ತಲೆಗೆ ಭದ್ರವಾಗಿ ಬಿಗಿದಿರಬೇಕು ಅಂತಿದೆ.

ಮಕ್ಕಳ ವಿಷಯ ತುಂಬಾ ಜನ ಕೇಳುತ್ತಾರೆ. ನಾಲ್ಕು ವರ್ಷ ದಾಟಿದ ಎಲ್ಲರಿಗೂ ದೊಡ್ಡವರ ನಿಯಮವೇ. ಒಂಬತ್ತು ತಿಂಗಳಿಂದ ನಾಲ್ಕು ವರ್ಷದವರಿಗೆ 2023ರ ಫೆಬ್ರವರಿಯಿಂದ ಬೇರೆ ನಿಯಮ ಇದೆ: ಅಳತೆಗೆ ಕೂರುವ ಹೆಲ್ಮೆಟ್, ಓಡಿಸುವವರಿಗೆ ಮಗುವನ್ನು ಕಟ್ಟುವ ಬೆಲ್ಟು, ವೇಗ 40 ಕಿ.ಮೀ. ಒಳಗೆ. ಆ ವಯಸ್ಸಿನವರಿಗೆ ಗುಣಮಟ್ಟದ ಸೈಕಲ್ ಹೆಲ್ಮೆಟ್ ಆದರೂ ನಡೆಯುತ್ತದೆ. ಅಪ್ಪನ ಹೆಲ್ಮೆಟ್ ಮಾತ್ರ ಮಗುವಿನ ತಲೆಗೆ ಹಾಕಬೇಡಿ, ಒಳಗೆ ಬಟ್ಟೆ ತುರುಕಿಯೂ ಬೇಡ.