ಚಕ್ರಬಡ್ಡಿ, 40 ಸೆಕೆಂಡು, ಒಂದೇ ಚಿತ್ರ: ಕೆಲಸ ಎಲ್ಲಿವರೆಗೆ ಬಂತು

ಹತ್ತು ವರ್ಷದ ಮಗುವಿಗೆ ಚಕ್ರಬಡ್ಡಿಯನ್ನು ಒಂದೇ ಚಿತ್ರ ಇಟ್ಟುಕೊಂಡು 40 ಸೆಕೆಂಡಿನಲ್ಲಿ ಹೇಳಿಕೊಡಬೇಕು, ಇದು ನಾನು ಹಿಡಿದಿರುವ ಕೆಲಸ. ಅದರ ಚಿತ್ರ ಕೊನೆಗೂ ಗಟ್ಟಿಯಾಯ್ತು. ಗಣಿತದ ಚೌಕದ ನೋಟ್‌ಬುಕ್ ಹಾಳೆಯಲ್ಲಿ ಹತ್ತು ಸಾಲು, ಸಾಲಿಗೆ ಹತ್ತು ಮನೆ, ಒಟ್ಟು ನೂರು. ಮನೆಗೊಂದು ರೂಪಾಯಿ. ಇದು ಅಸಲು, ಬಣ್ಣ ಹಾಕಿಲ್ಲ.

ಶೇಕಡಾ 10 ಅನ್ನೋ ಮಾತೇ ಎತ್ತುವುದಿಲ್ಲ. ಹತ್ತು ವರ್ಷದ ಮಗುವಿಗೆ ಶೇಕಡಾ ಬಿಡಿಸಿ ಹೇಳುವಷ್ಟರಲ್ಲೇ ಸಮಯ ಮುಗಿದುಹೋಗುತ್ತದೆ. ಅದಕ್ಕೇ ಪ್ರತಿ ಸಾಲೂ ವರ್ಷಕ್ಕೆ ಒಂದು ರೂಪಾಯಿ ಕೊಡುತ್ತದೆ ಅಂತ ಇಟ್ಟೆ. ಮೊದಲ ವರ್ಷ ಬಂದ ಹತ್ತು ಹಳದಿ ಮನೆಗಳನ್ನು ಕೆಳಗೆ ಜೋಡಿಸಿದರೆ ಅದೇ ಹನ್ನೊಂದನೇ ಸಾಲು. ಎರಡನೇ ವರ್ಷ ಆ ಸಾಲೂ ಒಂದು ಕೊಡಬೇಕಲ್ವಾ? ಹಾಗಾಗಿ ಬಲಗಡೆ ಮೇಲಿಂದ ಕೆಳಗೆ ಹತ್ತು ಹಳದಿ, ಮೂಲೆಯಲ್ಲಿ ಒಂದು ಕೆಂಪು. ಹನ್ನೊಂದು ಹನ್ನೊಂದಲಿ 121, ಚೌಕ ಪೂರ್ತಿ. ಸರಳ ಬಡ್ಡಿಯಾದರೆ ಆ ಮೂಲೆ ಖಾಲಿ, 120ಕ್ಕೇ ನಿಲ್ಲುತ್ತದೆ. ಇಡೀ ಚಕ್ರಬಡ್ಡಿ ಆ ಒಂದು ಮನೆಯಲ್ಲಿದೆ.

ಕಲಬುರಗಿಯ ನಮ್ಮ ಓಣಿ ಮಕ್ಕಳಿಗೆ ತೋರಿಸಿದೆ. ಅಣ್ಣನ ಮಗಳು ಕೇಳಿದಳು: "ಕಾಕಾ, ಬರೇ ಒಂದು ರೂಪಾಯಿ ಏನು?" ಸರಿಯಾದ ಪ್ರಶ್ನೆ. ಎರಡು ವರ್ಷದಲ್ಲಿ ವ್ಯತ್ಯಾಸ ಕಾಣುವುದೇ ಇಷ್ಟು. ಮೂರನೇ ವರ್ಷ ಬಿಡಿಸೋಣ ಅಂದರೆ 133 ರೂಪಾಯಿ 10 ಪೈಸೆ ಆಗುತ್ತದೆ, ಆ ಪೈಸೆಗೆ ಹಾಳೆಯಲ್ಲಿ ಜಾಗವಿಲ್ಲ, ಚೌಕವೂ ಕೆಡುತ್ತದೆ. ಚಿತ್ರವನ್ನು ಎರಡನೇ ವರ್ಷಕ್ಕೇ ನಿಲ್ಲಿಸಿ, ಮುಂದಿನದನ್ನು ಮಾತಿಗೆ ಬಿಟ್ಟಿದ್ದೇನೆ. ಈಗಿನ ಸ್ಕ್ರಿಪ್ಟ್ ಇದು:

"ನೋಡು, ನಿನ್ನ ಹತ್ತಿರ ನೂರು ರೂಪಾಯಿ. ಹತ್ತು ಸಾಲು. ಪ್ರತಿ ಸಾಲೂ ವರ್ಷಕ್ಕೆ ಒಂದು ರೂಪಾಯಿ ಕೊಡುತ್ತೆ. ವರ್ಷ ಆಯ್ತು, ಹತ್ತು ಬಂತು. ಖರ್ಚು ಮಾಡಬೇಡ, ಕೆಳಗೆ ಇಡು. ಈಗ ಎಷ್ಟು ಸಾಲು? ಹನ್ನೊಂದು! ಮುಂದಿನ ವರ್ಷ ಹನ್ನೊಂದು ರೂಪಾಯಿ. ಮೂಲೆಯ ಕೆಂಪು ಮನೆ ನೋಡು. ಇದನ್ನ ಕೊಟ್ಟಿದ್ದು ನಿನ್ನ ನೂರಲ್ಲ, ಅದರ ಬಡ್ಡಿ. ಹೀಗೇ ಹತ್ತು ವರ್ಷ ಮುಟ್ಟದೆ ಬಿಟ್ಟರೆ ಇನ್ನೂರ ಐವತ್ತೊಂಬತ್ತು ಆಗುತ್ತೆ. ಬಡ್ಡಿಗೆ ಬಡ್ಡಿ ಸಿಗದಿದ್ದರೆ? ಇನ್ನೂರೇ."

"ಎಷ್ಟು ಸಾಲು?" ಆದಮೇಲೆ ಎರಡು ಸೆಕೆಂಡು ಸುಮ್ನೆ ಇರಬೇಕು. ಮಗು ತಾನೇ ಎಣಿಸಿ ಹನ್ನೊಂದು ಅಂದರೆ ಮೂಲೆ ಯಾಕೆ ತುಂಬಿತು ಅನ್ನೋದು ತಾನಾಗೇ ತಿಳಿಯುತ್ತದೆ. ಅವಸರ ಮಾಡಿದರೆ ಕೆಂಪು ಮನೆ ಎಲ್ಲಿಂದಲೋ ಬಂದಂತೆ ಕಾಣುತ್ತದೆ.

ಬ್ಯಾಂಕಿನ ಠೇವಣಿಗೆ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಬಡ್ಡಿ ಸೇರಿಸುತ್ತಾರೆ. ಹಾಗೆ ಲೆಕ್ಕ ಹಾಕಿದರೆ ಎರಡು ವರ್ಷಕ್ಕೆ 121 ರೂಪಾಯಿ 84 ಪೈಸೆ. ಅದನ್ನು ಬೇಕಂತಲೇ ಬಿಟ್ಟಿದ್ದೇನೆ, ಮೊದಲು ಮೂಲೆ ಅರ್ಥವಾಗಲಿ. ಸಾಲಕ್ಕೂ ಇದೇ ಚಿತ್ರ ಹೊಂದುತ್ತದೆ, ಆದರೆ ಆಗ ಕೆಂಪು ಮನೆ ನಾವು ಕಟ್ಟಬೇಕಾದ ದುಡ್ಡು. ಅದಕ್ಕೆ ಬೇರೆ 40 ಸೆಕೆಂಡು ಬೇಕು.

ಉಳಿದಿರುವುದು ಬಣ್ಣದ ಕೆಲಸ. ಜೆರಾಕ್ಸ್‌ನಲ್ಲಿ ಹಳದಿ ಬಿಳಿಯಾಗಿಬಿಡುತ್ತದೆ, ಆಗ ಬಡ್ಡಿ ಯಾವುದು ಅಸಲು ಯಾವುದು ಗೊತ್ತಾಗಲ್ಲ. ಹಳದಿ ಮನೆಗಳೊಳಗೆ ಒಂದೊಂದು ಚುಕ್ಕಿ ಇಡುತ್ತಿದ್ದೇನೆ.